‘ನಮಗೆ ಈಗಾಗಲೇ ವೆಂಡರ್ ಇದ್ದಾರೆ, ಚೆನ್ನಾಗಿ ನಡೀತಿದೆ’ ಎಂಬ ಮೇಲ್‌ಗೆ ಏನು ಉತ್ತರ ಬರೆಯಬೇಕು?

ಮಾರಾಟದ ಕೆಲಸ ಮಾಡುವವರಿಗೆ ಈ ಉತ್ತರ ಹೊಸದಲ್ಲ. ಹೊಸ ಕಂಪನಿಯೊಂದಕ್ಕೆ ನಮ್ಮ ಪರಿಚಯ ಮಾಡಿಕೊಂಡು ಮೇಲ್ ಕಳಿಸಿರುತ್ತೇವೆ. ಆ ಕಡೆಯಿಂದ ಹೀಗೆ ಬರುತ್ತದೆ: “ನಿಮ್ಮ ಮೇಲ್ ನೋಡಿದೆ. ನಮಗೆ ಈಗಾಗಲೇ ವೆಂಡರ್ ಇದ್ದಾರೆ. ಅವರ ಕೆಲಸ ಚೆನ್ನಾಗಿದೆ. ಸದ್ಯಕ್ಕೆ ಬೇಡ, ಧನ್ಯವಾದ.”

ಇದನ್ನು ಓದಿದ ತಕ್ಷಣ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದು, ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಇಲ್ಲವೇ, “ನಾವು ಅವರಿಗಿಂತ ಕಡಿಮೆ ರೇಟಿಗೆ ಕೊಡುತ್ತೇವೆ” ಅಂತ ಮತ್ತೊಂದು ಉದ್ದದ ಮೇಲ್ ಬರೆಯುತ್ತಾರೆ. ಎರಡೂ ತಪ್ಪು ಅನ್ನುವುದು ನನ್ನ ಅನುಭವ. ಯಾಕೆ ಅಂತ ತಿಳಿಯಬೇಕಾದರೆ, ಆ ಉತ್ತರ ನಿಜಕ್ಕೂ ಏನು ಹೇಳುತ್ತಿದೆ ಅಂತ ಮೊದಲು ನೋಡಬೇಕು.

ಆ ಮೇಲ್ ನಮ್ಮ ಸರಕನ್ನು ಕುರಿತು ಏನೂ ಹೇಳಿಲ್ಲ, ಗಮನಿಸಿ. ರೇಟ್ ಜಾಸ್ತಿ ಅಂದಿಲ್ಲ. ಗುಣಮಟ್ಟ ಸರಿಯಿಲ್ಲ ಅಂದಿಲ್ಲ. ನಾವು ಯಾರು ಅಂತ ಅವರು ಸರಿಯಾಗಿ ನೋಡಿರುವುದೂ ಅನುಮಾನ. ಅವರು ಉತ್ತರ ಕೊಟ್ಟಿದ್ದು ನಮ್ಮ ಮೊದಲ ಮೇಲ್‌ನಲ್ಲಿ ಅಡಗಿದ್ದ ಒಂದು ಕೋರಿಕೆಗೆ: ‘ಈಗ ಇರುವವರನ್ನು ಬಿಟ್ಟು ನಮ್ಮ ಹತ್ತಿರ ಬನ್ನಿ.’ ನಾವು ಅದನ್ನು ಬಾಯಿಬಿಟ್ಟು ಕೇಳಿರುವುದಿಲ್ಲ. ಆದರೆ ಓದುವವರಿಗೆ ಕೇಳಿಸುವುದು ಅದೇ. ಅದಕ್ಕೆ ಅವರು ‘ಬದಲಾಯಿಸುವ ಅಗತ್ಯ ಇಲ್ಲ’ ಅಂತ ಹೇಳಿದ್ದಾರೆ, ಅಷ್ಟೇ. ಹಾಗಾಗಿ ನಮ್ಮ ಉತ್ತರದ ಮೊದಲ ಕೆಲಸ ಆ ಕೋರಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಅದನ್ನು ಬಿಟ್ಟುಕೊಟ್ಟ ಮೇಲೆ ಮಾತಾಡುವುದಕ್ಕೆ ಬೇರೆ ಜಾಗ ಸಿಗುತ್ತದೆ.

ಇನ್ನೊಂದು ವಿಷಯ. ಬದಲಾಯಿಸುವುದು ಅಂದರೆ ಅವರಿಗೆ ಎಷ್ಟು ಕಷ್ಟ ಅಂತ ನಾವು ಯೋಚಿಸುವುದೇ ಇಲ್ಲ. 1988ರಲ್ಲಿ ವಿಲಿಯಂ ಸ್ಯಾಮುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಜನರ ಮುಂದೆ ಕೆಲವು ಆಯ್ಕೆಗಳನ್ನಿಟ್ಟು ಒಂದನ್ನು ಆರಿಸಿ ಅಂತ ಕೇಳಿದರು. ಬೇರೆ ಕೆಲವರಿಗೆ ಅವೇ ಆಯ್ಕೆಗಳನ್ನು ಕೊಟ್ಟು, ‘ಇದರಲ್ಲಿ ಒಂದು ನಿಮ್ಮ ಹತ್ತಿರ ಈಗಾಗಲೇ ಇದೆ’ ಅಂದರು. ಅಷ್ಟು ಹೇಳಿದ್ದಕ್ಕೇ ಆ ಆಯ್ಕೆಯನ್ನು ಹಿಡಿದುಕೊಳ್ಳುವವರು ಜಾಸ್ತಿಯಾದರು. ಆಯ್ಕೆಗಳಲ್ಲಿ ಬೇರೇನೂ ಬದಲಾಗಿರಲಿಲ್ಲ. ಮಾರುವವರಿಗೆ ಇದರ ಅರ್ಥ ಸರಳ. ನಮ್ಮ ಸರಕು ಅವರ ಈಗಿನ ವೆಂಡರ್‌ನದಕ್ಕಿಂತ ಸ್ವಲ್ಪ ಚೆನ್ನಾಗಿದ್ದರೆ ಸಾಲದು. ಈಗ ನಡೆಯುತ್ತಿರುವುದಕ್ಕೆ ಅದರದೇ ಒಂದು ತೂಕ ಇದೆ. ‘ನಾವು ಚೆನ್ನಾಗಿದ್ದೇವೆ’ ಎಂಬ ವಾದದಿಂದ ಆ ತೂಕ ಕಡಿಮೆಯಾಗುವುದಿಲ್ಲ.

ಮೊದಲು, ಇದು ಅಭ್ಯಾಸದ ಮಾತೋ ನಿಜದ ಮಾತೋ?

ಪರ್ಚೇಸ್ ವಿಭಾಗದಲ್ಲಿ ಇರುವವರಿಗೆ ದಿನವೂ ನಮ್ಮಂಥವರ ಮೇಲ್‌ಗಳು ಬರುತ್ತವೆ. ‘ನಮಗೆ ಇದ್ದಾರೆ’ ಅನ್ನುವುದು ಎಷ್ಟೋ ಸಲ ಬಾಗಿಲು ಮುಚ್ಚುವ ಮರ್ಯಾದೆಯ ಮಾತು. ಕೆಲವು ಸಲ ಅದು ಅಕ್ಷರಶಃ ನಿಜ. ಎರಡಕ್ಕೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ವಿವರಗಳಲ್ಲಿ ಕಾಣುತ್ತದೆ.

ಮೇಲ್ ಹೋದ ಕೆಲವೇ ನಿಮಿಷಕ್ಕೆ ಒಂದು ಸಾಲಿನ ಉತ್ತರ ಬಂದರೆ, ಅದರಲ್ಲಿ ನಾವು ಮಾರುವ ವಸ್ತುವಿನ ಹೆಸರು ಕೂಡ ಇಲ್ಲದಿದ್ದರೆ, ಅದು ಹೆಚ್ಚಾಗಿ ಅಭ್ಯಾಸದ ಮಾತು. “ನಾವು 4 ವರ್ಷದಿಂದ ಒಬ್ಬರ ಹತ್ತಿರವೇ ತರಿಸುತ್ತಿದ್ದೇವೆ, ಹೋದ ತಿಂಗಳಷ್ಟೇ ಮತ್ತೆ ಒಪ್ಪಂದ ಆಯಿತು” ಅಂತ ಬಂದರೆ ಅದು ನಿಜದ ಮಾತು. ಸುಮ್ನೆ ಕಳಿಸಿಬಿಡಬೇಕು ಅಂತಿದ್ದವರು ಇಷ್ಟು ಬರೆಯುವುದಿಲ್ಲ. ಫೋನಿನಲ್ಲಾದರೆ ಇನ್ನೂ ಸುಲಭ. ನಾವು ಏನು ಮಾರುತ್ತೇವೆ ಅಂತ ಹೇಳಿ ಮುಗಿಸುವ ಮೊದಲೇ ‘ಇದ್ದಾರೆ ಇದ್ದಾರೆ’ ಅಂದರೆ ಅದು ನಮ್ಮ ಮಾತಿಗೆ ಕೊಟ್ಟ ಉತ್ತರವೇ ಅಲ್ಲ.

ಅಭ್ಯಾಸದ ಉತ್ತರವಾದರೂ ಅದನ್ನು ನಿಜವೆಂದೇ ನಂಬಿ ಬರೆಯಬೇಕು. ‘ಸುಮ್ನೆ ಹೇಳುತ್ತಿದ್ದೀರಿ ಅಲ್ವಾ’ ಎಂಬ ಧಾಟಿ ಸ್ವಲ್ಪ ಬಂದರೂ ಮುಗಿಯಿತು. ಅದೂ ಅಲ್ಲದೆ, ವಿವರ ಕೊಟ್ಟು ಉತ್ತರ ಬರೆದವರು ನಮಗೆ ಹೆಚ್ಚು ಬೆಲೆಬಾಳುವವರು. ಅವರು ವೆಂಡರ್‌ಗಳನ್ನು ಸುಮ್ಮಸುಮ್ಮನೆ ಬದಲಾಯಿಸುವುದಿಲ್ಲ. ನಾಳೆ ನಮ್ಮನ್ನು ಹಿಡಿದರೂ ಹಾಗೆಯೇ ಉಳಿಯುತ್ತಾರೆ.

ಒಂದು ನಿಜದ ಪ್ರಕರಣ

ನಾನು ಕಾರ್ಟನ್ ಬಾಕ್ಸ್ ಮಾರುವ ಕೆಲಸದಲ್ಲಿದ್ದೇನೆ. ಸರಕು ತುಂಬಿ ಕಳಿಸುವ ಕಂದು ರಟ್ಟಿನ ಪೆಟ್ಟಿಗೆಗಳು. ಒಮ್ಮೆ ಗಾಜಿನ ಬಾಟಲಿಗಳನ್ನು ಪ್ಯಾಕ್ ಮಾಡುವ ಒಂದು ಕಂಪನಿಗೆ ಬರೆದಿದ್ದೆ. ಅಲ್ಲಿನ ಪರ್ಚೇಸ್ ಮ್ಯಾನೇಜರ್ ಅದೇ ದಿನ ಉತ್ತರ ಕೊಟ್ಟರು. 4 ವರ್ಷದಿಂದ ಒಬ್ಬರೇ ಬಾಕ್ಸ್ ಕೊಡುತ್ತಿದ್ದಾರೆ, ನಮಗೆ ತೃಪ್ತಿ ಇದೆ, ಅಂತ.

ಇದಕ್ಕೂ ಕೆಲವು ವರ್ಷ ಮೊದಲು ಇಂಥದ್ದೇ ಉತ್ತರಕ್ಕೆ ನಾನು ಬರೆದಿದ್ದು ನನಗೆ ಚೆನ್ನಾಗಿ ನೆನಪಿದೆ. “ಈಗಿನ ವೆಂಡರ್ ಹತ್ತಿರ ನಿಮಗೆ ಏನಾದರೂ ತೊಂದರೆ ಇದೆಯೇ? ಯಾವುದಾದರೂ ಒಂದು ವಿಷಯ ಸುಧಾರಿಸಬೇಕು ಅನ್ನಿಸುತ್ತದೆಯೇ?” ಅಂತ ಕೇಳಿದ್ದೆ. ಆ ಪ್ರಶ್ನೆ ಜಾಣತನದ್ದು ಅಂತ ಆಗ ಅನ್ನಿಸಿತ್ತು. “ಏನೂ ತೊಂದರೆ ಇಲ್ಲ” ಎಂಬ ಒಂದು ಸಾಲು ಬಂತು, ಅಲ್ಲಿಗೆ ಮಾತು ನಿಂತಿತು. ಆ ವೆಂಡರ್‌ನನ್ನು ಹುಡುಕಿ ತಂದಿದ್ದೇ ಆ ಮನುಷ್ಯ ಅಂತ ಬಹಳ ದಿನದ ಮೇಲೆ ಗೊತ್ತಾಯಿತು. ನಾನು ಕೇಳಿದ್ದು ಅವರ ಆಯ್ಕೆಯಲ್ಲಿ ತಪ್ಪು ಹುಡುಕಿಕೊಡಿ ಅಂತ. ಗುರುತಿಲ್ಲದವನೊಬ್ಬ ಬಂದು ಹಾಗೆ ಕೇಳಿದರೆ ಯಾರಾದರೂ ತಮ್ಮ ಆಯ್ಕೆಯನ್ನು ಕಾಪಾಡಿಕೊಳ್ಳುತ್ತಾರೆಯೇ ಹೊರತು ಬಿಟ್ಟುಕೊಡುವುದಿಲ್ಲ. ತೊಂದರೆ ಇದ್ದರೂ ಇಲ್ಲ ಅನ್ನುತ್ತಾರೆ. ಒಮ್ಮೆ ಬರೆದುಕೊಟ್ಟ ಮೇಲೆ ಆ ಮಾತಿಗೇ ಅಂಟಿಕೊಳ್ಳುತ್ತಾರೆ ಕೂಡ.

ಈ ಸಲ ಹೀಗೆ ಬರೆದೆ:

“ನಮಸ್ಕಾರ ಮೇಡಂ,

ಉತ್ತರ ಕೊಟ್ಟಿದ್ದಕ್ಕೆ ಧನ್ಯವಾದ. 4 ವರ್ಷ ಒಬ್ಬರ ಜೊತೆಗೇ ನಡೆದಿದೆ ಅಂದರೆ ಅವರು ಚೆನ್ನಾಗಿಯೇ ಕೊಡುತ್ತಿದ್ದಾರೆ. ಅವರನ್ನು ಬಿಡಿ ಅಂತ ನಾನು ಕೇಳುವುದಿಲ್ಲ.

ಒಂದು ವಿಷಯ ಮಾತ್ರ ತಿಳಿಯಬೇಕಿತ್ತು. ತಿಂಗಳ ಮಧ್ಯದಲ್ಲಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಾಕ್ಸ್ ಬೇಕಾದರೆ, ಹೇಳಿದ ಎಷ್ಟು ದಿನಕ್ಕೆ ನಿಮ್ಮ ಗೋಡೌನ್‌ಗೆ ಬರುತ್ತದೆ? ಗಾಜಿನ ಬಾಟಲಿ ಪ್ಯಾಕ್ ಮಾಡುವವರಿಗೆ ನಾವು ಹೆಚ್ಚಾಗಿ ಇಂಥ ಅರ್ಜೆಂಟ್ ಲೋಡ್‌ಗಳನ್ನೇ ಕಳಿಸುತ್ತೇವೆ. ಅದಕ್ಕೆ ಕೇಳಿದೆ.

ಎರಡು ಮೂರು ದಿನದಲ್ಲಿ ಬಂದುಬಿಡುತ್ತದೆ ಅಂದರೆ ಸದ್ಯಕ್ಕೆ ನಮ್ಮಿಂದ ನಿಮಗೆ ಉಪಯೋಗ ಇಲ್ಲ. ಅಷ್ಟು ತಿಳಿಸಿದರೆ ಸಾಕು, ನಾನು ಮತ್ತೆ ಬರೆಯುವುದಿಲ್ಲ.”

ಅಷ್ಟೇ ಮೇಲ್. ಬ್ರೋಷರ್ ಇಲ್ಲ, ರೇಟ್ ಇಲ್ಲ, ‘10 ನಿಮಿಷ ಮಾತಾಡೋಣವೇ’ ಎಂಬ ಬೇಡಿಕೆ ಇಲ್ಲ.

ಇದರಲ್ಲಿ ಮೊದಲ ಪ್ಯಾರಾ ಮಾಡುವ ಕೆಲಸ ಆಗಲೇ ಹೇಳಿದೆ, ಬದಲಾಯಿಸಿ ಎಂಬ ಕೋರಿಕೆಯನ್ನು ವಾಪಸ್ ತೆಗೆದುಕೊಳ್ಳುವುದು. ಆದರೆ ಅದನ್ನು ‘ತುಂಬಾ ಸಂತೋಷ’ ಎಂಬ ಪೊಳ್ಳು ಮಾತಿನಿಂದ ಮಾಡಬಾರದು. ಅವರದೇ ಮೇಲ್‌ನಿಂದ ಒಂದು ವಿವರ ಎತ್ತಿಕೊಳ್ಳಬೇಕು. ಇಲ್ಲಿ ಅದು ‘4 ವರ್ಷ’. ಓದಿ ಬರೆದಿದ್ದಾನೆ ಅಂತ ಅದರಿಂದ ಗೊತ್ತಾಗುತ್ತದೆ.

ಎರಡನೆಯ ಪ್ಯಾರಾದ ಪ್ರಶ್ನೆಯೇ ಇಡೀ ಮೇಲ್‌ನ ಜೀವ. ಇದು ಅಭಿಪ್ರಾಯದ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ. ‘ತೃಪ್ತಿ ಇದೆಯೇ’ ಅಂದರೆ ಇದೆ ಅಥವಾ ಇಲ್ಲ, ಅಷ್ಟೇ ಉತ್ತರ. ‘ಎಷ್ಟು ದಿನ’ ಅಂದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಹೇಳಿದರೆ ವೆಂಡರ್‌ನನ್ನು ದೂರಿದಂತೆ ಆಗುವುದಿಲ್ಲ. ಅವರಿಗೆ ಅದು ಬರೀ ಮಾಹಿತಿ. ನಮಗೆ ಮಾತ್ರ ಅದರಿಂದ ಬಹಳ ತಿಳಿಯುತ್ತದೆ.

ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ಸುಮ್ನೆ ಊಹಿಸಬಾರದು. ನಾವು ನಿಜವಾಗಿ ಚೆನ್ನಾಗಿ ಮಾಡುವ ಒಂದು ಕೆಲಸ ಇರಬೇಕು. ಒಳ್ಳೆಯ ವೆಂಡರ್ ಕೂಡ ಸಾಮಾನ್ಯವಾಗಿ ಅದೇ ಕೆಲಸದಲ್ಲಿ ಎಡವುವಂತಿರಬೇಕು. ನಮ್ಮ ವ್ಯವಹಾರದಲ್ಲಿ ಅದು ಅರ್ಜೆಂಟ್ ಲೋಡ್. ಒಂದೇ ಮಾಪಿನ ಬಾಕ್ಸ್ ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ ಮಾಡಿಕೊಡುವವರಿಗೆ ನಡುವೆ ಮಷಿನ್ ನಿಲ್ಲಿಸಿ ಬೇರೆ ಮಾಪು ಹಾಕುವುದು ಕಷ್ಟ. ಅದು ಅವರ ತಪ್ಪಲ್ಲ, ಕೆಲಸದ ರೀತಿಯೇ ಹಾಗೆ. ಸಾಫ್ಟ್‌ವೇರ್ ಮಾರುವವರಿಗೆ ಇದೇ ಜಾಗದಲ್ಲಿ ‘ತಿಂಗಳ ಕೊನೆಯಲ್ಲಿ ಸಮಸ್ಯೆ ಬಂದರೆ ಎಷ್ಟು ಗಂಟೆಯಲ್ಲಿ ಉತ್ತರ ಬರುತ್ತದೆ’ ಎಂಬ ಪ್ರಶ್ನೆ ಇರಬಹುದು. ಅನುವಾದದ ಕೆಲಸ ಮಾಡುವವರಿಗೆ ‘ಒಂದೇ ದಿನದಲ್ಲಿ ಬೇಕಾದ 2 ಪುಟವನ್ನು ಯಾರಿಗೆ ಕೊಡುತ್ತೀರಿ’ ಅನ್ನುವುದು ಇರಬಹುದು. ನಮ್ಮಲ್ಲಿ ಅಂಥ ಒಂದು ಕೆಲಸವೂ ಇಲ್ಲ, ನಾವೂ ಎಲ್ಲರಂತೆಯೇ ಅಂತಾದರೆ, ಒಳ್ಳೆಯ ಮೇಲ್ ಬರೆದು ಅದನ್ನು ಮುಚ್ಚಲು ಆಗುವುದಿಲ್ಲ.

ಕೊನೆಯ ಪ್ಯಾರಾ ಬಗ್ಗೆ ನಮ್ಮವರಲ್ಲೇ ಜಗಳ ಇದೆ. ‘ಮತ್ತೆ ಬರೆಯುವುದಿಲ್ಲ ಅಂತ ನಾವೇ ಯಾಕೆ ಹೇಳಬೇಕು’ ಅನ್ನುತ್ತಾರೆ. ಹೇಳಲೇಬೇಕು ಅನ್ನುವುದು ನನ್ನ ಮಾತು. ಬೇಡ ಅನ್ನುವ ದಾರಿ ಸುಲಭವಾಗಿದ್ದರೆ ಜನ ನಿರಾಳವಾಗಿ ಉತ್ತರ ಕೊಡುತ್ತಾರೆ. ದಾರಿ ಮುಚ್ಚಿದಷ್ಟೂ ದೂರ ಸರಿಯುತ್ತಾರೆ. ಜ್ಯಾಕ್ ಬ್ರೆಹ್ಮ್ ಎಂಬ ಮನಃಶಾಸ್ತ್ರಜ್ಞ 1966ರಲ್ಲೇ ಇದನ್ನು ಒಂದು ಸಿದ್ಧಾಂತವಾಗಿ ಬರೆದಿದ್ದರು. ಆಯ್ಕೆ ಮಾಡುವ ಸ್ವಾತಂತ್ರ್ಯ ಕೈತಪ್ಪುತ್ತಿದೆ ಅನ್ನಿಸಿದಾಗ ಮನುಷ್ಯ ಅದನ್ನು ಉಳಿಸಿಕೊಳ್ಳುವುದಕ್ಕೆ ಎದುರು ನಿಲ್ಲುತ್ತಾನೆ ಅಂತ. ಒಂದು ಷರತ್ತು ಇದೆ. ಮತ್ತೆ ಬರೆಯುವುದಿಲ್ಲ ಅಂತ ಬರೆದ ಮೇಲೆ ನಿಜವಾಗಿಯೂ ಬರೆಯಬಾರದು.

ಉತ್ತರ ಬಂದ ಮೇಲೆ

ಮೇಡಂ ಮರುದಿನ ಬರೆದರು. “ಸಾಮಾನ್ಯವಾಗಿ 8 ದಿನ. ತೀರಾ ಅರ್ಜೆಂಟ್ ಅಂದರೆ 5 ದಿನಕ್ಕೆ ಕೊಡುತ್ತಾರೆ. ನಾವು ಸ್ಟಾಕ್ ಇಟ್ಟುಕೊಂಡಿರುತ್ತೇವೆ, ಹಾಗಾಗಿ ತೊಂದರೆ ಇಲ್ಲ.”

ಇಲ್ಲಿ ಕೈ ತುರಿಸುತ್ತದೆ. ‘8 ದಿನವೇ! ನಾವು 3 ದಿನಕ್ಕೆ ಕೊಡುತ್ತೇವೆ’ ಅಂತ ಬರೆದುಬಿಡೋಣ ಅನ್ನಿಸುತ್ತದೆ. ಬೇಡ. ಮೇಡಂ ‘ತೊಂದರೆ ಇಲ್ಲ’ ಅಂದಿದ್ದಾರೆ. ನಾವು ತೊಂದರೆ ಇದೆ ಅಂದರೆ ಮತ್ತೆ ವಾದ ಶುರು. ಅವರ ಉತ್ತರದಲ್ಲಿ ಕೆಲಸಕ್ಕೆ ಬರುವ ಮಾತು ‘ಸ್ಟಾಕ್ ಇಟ್ಟುಕೊಂಡಿರುತ್ತೇವೆ’ ಅನ್ನುವುದು. ವೆಂಡರ್ ತಡಮಾಡಿದರೂ ಕೆಲಸ ನಿಲ್ಲದ ಹಾಗೆ ಅವರೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ತೃಪ್ತಿ ಇದೆ ಅನ್ನುವ ಎಷ್ಟೋ ಗಿರಾಕಿಗಳ ಹತ್ತಿರ ಇಂಥದ್ದೊಂದು ಇರುತ್ತದೆ. ವೆಂಡರ್‌ನ ಕೊರತೆಯನ್ನು ತಾವೇ ತುಂಬಿಕೊಂಡು, ಅದು ಅಭ್ಯಾಸವಾಗಿ, ಈಗ ಕೊರತೆ ಅಂತ ಕಾಣುವುದೇ ಇಲ್ಲ. ನಿಜವಾದ ಖರ್ಚು ಇರುವುದು ಅಲ್ಲಿ.

ಹಾಗಾಗಿ ಇನ್ನೊಂದೇ ಪ್ರಶ್ನೆ ಕೇಳಿದೆ. “ಸರಿ ಮೇಡಂ. ಸ್ಟಾಕ್ ಎಷ್ಟು ದಿನದ್ದು ಇಡುತ್ತೀರಿ? ತೇವದ ದಿನಗಳಲ್ಲಿ ಕೆಳಗಿನ ಸಾಲಿನ ಬಾಕ್ಸ್‌ಗಳು ಮೆತ್ತಗಾಗುವುದಿಲ್ಲವೇ? ಕೆಲವರು ಅದಕ್ಕೆ ಮರದ ಪ್ಯಾಲೆಟ್ ಮೇಲೆ ಇಡುತ್ತಾರೆ.” ರಟ್ಟು ಗಾಳಿಯ ತೇವವನ್ನು ಹೀರಿಕೊಂಡು ಬಲ ಕಳೆದುಕೊಳ್ಳುತ್ತದೆ. ಕೆಳಗಿದ್ದು ಮೇಲಿನ ಭಾರ ಹೊತ್ತ ಬಾಕ್ಸ್ ಗಾಜು ತುಂಬಲು ಲಾಯಕ್ಕಾಗಿ ಉಳಿಯುವುದು ಕಷ್ಟ. ಇದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಪ್ಯಾಲೆಟ್ ವಿಷಯ ಸೇರಿಸಿದ್ದು ಬೇಕೆಂದೇ. ನಮ್ಮಿಂದ ಏನೂ ಕೊಳ್ಳದಿದ್ದರೂ ಅವರಿಗೆ ಅದರಿಂದ ಉಪಯೋಗ ಆಗಲಿ ಅಂತ.

15 ದಿನದ ಸ್ಟಾಕ್ ಇರುತ್ತದೆ, ತೇವದ ತಿಂಗಳುಗಳಲ್ಲಿ ಕೆಳಗಿನವನ್ನು ಬೇರೆ ಕೆಲಸಕ್ಕೆ ಬಳಸಿಬಿಡುತ್ತೇವೆ, ಅಂತ ಉತ್ತರ ಬಂತು. ಈಗ ಲೆಕ್ಕ ಅವರದೇ ಮಾತಿನಿಂದ ತಯಾರಾಯಿತು. ಬಾಕ್ಸ್ ಬರಲು 8 ದಿನ ಹಿಡಿಯುತ್ತದೆ, ಅದಕ್ಕೆ 15 ದಿನದ ಸ್ಟಾಕ್. 3 ದಿನಕ್ಕೆ ಅರ್ಜೆಂಟ್ ಲೋಡ್ ಕೊಡುವ ಇನ್ನೊಬ್ಬರು ಕೈಗೆ ಸಿಗುವ ಹಾಗಿದ್ದರೆ 10 ದಿನದ ಸ್ಟಾಕ್ ಸಾಕಾಗಬಹುದು. ಉಳಿದ 5 ದಿನದ ಬಾಕ್ಸ್‌ಗೆ ಜಾಗವೂ ಬೇಡ, ಮೊದಲೇ ಹಣ ಕಟ್ಟುವುದೂ ಬೇಡ, ಮೆತ್ತಗಾಗುವ ಭಯವೂ ಇಲ್ಲ. ಮುಖ್ಯ ವೆಂಡರ್‌ನ ಆರ್ಡರ್‌ನಲ್ಲಿ ಒಂದು ಬಾಕ್ಸ್ ಕೂಡ ಕಡಿಮೆಯಾಗಬೇಕಿಲ್ಲ.

ಎರಡನೆಯ ಜಾಗ

ನಾನು ಕೇಳಿದ್ದು ಆರ್ಡರ್ ಅಲ್ಲ. ‘ಒಂದು ಮಾಪಿನ ಬಾಕ್ಸ್‌ನ ಸ್ಯಾಂಪಲ್ ನೋಡಿ ಒಪ್ಪಿಗೆ ಕೊಡಿ, ನಮ್ಮನ್ನು ವೆಂಡರ್ ಪಟ್ಟಿಯಲ್ಲಿ ಸೇರಿಸಿಕೊಳ್ಳಿ, ಬೇಕಾದಾಗ ಮಾತ್ರ ಕರೆಯಿರಿ’ ಅಂತ. ಎರಡನೆಯವರಾಗಿ ನಿಲ್ಲುವುದು ಅಂದರೆ ಇದೇ.

ಇದನ್ನು ಮಾತಿನಲ್ಲಿ ಹೇಳಿ ಬಿಟ್ಟರೆ ಪ್ರಯೋಜನ ಇಲ್ಲ. ‘ಬೇಕಾದಾಗ ನೆನಪಿಟ್ಟುಕೊಳ್ಳಿ’ ಅಂದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಸ್ವಲ್ಪ ದೊಡ್ಡ ಕಂಪನಿಯಲ್ಲಿ ಹೊಸ ವೆಂಡರ್‌ಗೆ ಹಣ ಕೊಡಬೇಕಾದರೆ ಮೊದಲು ತೆರಿಗೆ ನೋಂದಣಿಯ ಕಾಗದ, ಬ್ಯಾಂಕ್ ವಿವರ ಎಲ್ಲ ಅಕೌಂಟ್ಸ್ ವಿಭಾಗಕ್ಕೆ ಹೋಗಬೇಕು. ಸ್ಯಾಂಪಲ್ ಕ್ವಾಲಿಟಿಯವರ ಹತ್ತಿರ ಹೋಗಬೇಕು. ಗಾಜು ತುಂಬಿದ ಬಾಕ್ಸ್ ಆದರೆ ಅದನ್ನು ಎತ್ತರದಿಂದ ಬೀಳಿಸಿ ನೋಡುತ್ತಾರೆ. ಮುದ್ರಣ ಇದ್ದರೆ ಅದರ ಅಚ್ಚು ಮಾಡಿಸಬೇಕು. ನಾವು ಅದಕ್ಕೆ ಸ್ಟೀರಿಯೋ ಅನ್ನುತ್ತೇವೆ. ಇವೆಲ್ಲ ಮುಗಿಯಲು ವಾರಗಳು ಹಿಡಿಯುತ್ತವೆ. ಮುಖ್ಯ ವೆಂಡರ್‌ನ ಮಷಿನ್ ಕೆಟ್ಟ ದಿನ ಇದನ್ನು ಶುರು ಮಾಡಿದರೆ ಬಾಕ್ಸ್ ಬರುವ ಹೊತ್ತಿಗೆ ಅವರ ಮಷಿನ್ ರಿಪೇರಿಯಾಗಿರುತ್ತದೆ. ಕೆಲಸ ನಡೆಯುತ್ತಿರುವಾಗಲೇ, ಯಾರಿಗೂ ಅವಸರ ಇಲ್ಲದಿರುವಾಗಲೇ ಈ ಕಾಗದದ ಕೆಲಸ ಮುಗಿಸಿಡಬೇಕು. ಆರ್ಡರ್ ಇಲ್ಲದೆ ಪಟ್ಟಿಗೆ ಸೇರುವುದರ ನಿಜವಾದ ಬೆಲೆ ಇದು.

ದೊಡ್ಡ ಕಂಪನಿಗಳಿಗೂ ಇದು ದುಬಾರಿ ಪಾಠವಾಗಿದೆ. 2000ನೇ ಇಸವಿಯ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್‌ನ ಒಂದು ಚಿಪ್ ಕಾರ್ಖಾನೆಯಲ್ಲಿ ಸಣ್ಣ ಬೆಂಕಿ ಬಿತ್ತು. ನಿಮಿಷಗಳಲ್ಲಿ ಆರಿತು. ಆದರೆ ಹೊಗೆ ನುಗ್ಗಿ, ಧೂಳೇ ಇರಬಾರದ ಕೋಣೆಗಳು ಕೆಟ್ಟುಹೋದವು. ನೋಕಿಯಾ ಮತ್ತು ಎರಿಕ್ಸನ್ ಎರಡೂ ತಮ್ಮ ಮೊಬೈಲ್‌ಗಳಿಗೆ ಅಲ್ಲಿಂದ ಚಿಪ್ ತರಿಸುತ್ತಿದ್ದವು. ನೋಕಿಯಾ ಬೇಗ ಎಚ್ಚೆತ್ತು ಬೇರೆ ಕಡೆಗಳಿಂದ ಚಿಪ್ ಹೊಂದಿಸಿಕೊಂಡಿತು. ಎರಿಕ್ಸನ್‌ಗೆ ಕೆಲವು ಮುಖ್ಯ ಚಿಪ್‌ಗಳಿಗೆ ಎರಡನೆಯ ಪೂರೈಕೆದಾರರೇ ಇರಲಿಲ್ಲ, ದೊಡ್ಡ ನಷ್ಟ ಅನುಭವಿಸಿತು. ಫಿಲಿಪ್ಸ್ ಕೆಟ್ಟ ವೆಂಡರ್ ಆಗಿದ್ದಕ್ಕೆ ಹೀಗಾಗಲಿಲ್ಲ. ತೃಪ್ತಿ ಇರುವ ಗಿರಾಕಿಗೂ ಎರಡನೆಯವರು ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಈ ಕಥೆಯನ್ನು ಮೇಲ್‌ನಲ್ಲಿ ಬರೆಯಬೇಡಿ. ಹೆದರಿಸಿ ಮಾರುತ್ತಿದ್ದಾರೆ ಅನ್ನಿಸುತ್ತದೆ. ನಮ್ಮ ತಲೆಯಲ್ಲಿ ಇದ್ದರೆ ಸಾಕು.

ಎಲ್ಲ ಕಡೆಯೂ ಎರಡನೆಯ ಜಾಗ ಇರುವುದಿಲ್ಲ ಅನ್ನುವುದೂ ನಿಜ. ಕೆಲವು ಕಂಪನಿಗಳು ವೆಂಡರ್‌ಗಳ ಸಂಖ್ಯೆಯನ್ನು ಬೇಕೆಂದೇ ಕಡಿಮೆ ಇಡುತ್ತವೆ. ಒಬ್ಬರಿಗೇ ಪೂರ್ತಿ ಪ್ರಮಾಣ ಕೊಟ್ಟರೆ ರೇಟ್ ಇಳಿಯುತ್ತದೆ ಅಂತ. ಕೆಲವರು ‘ನಿಮ್ಮಿಂದ ಮಾತ್ರ ಕೊಳ್ಳುತ್ತೇವೆ’ ಅಂತ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಅಂಥ ಒಪ್ಪಂದ ಇದೆ ಅಂತ ಗೊತ್ತಾದ ಮೇಲೆ ‘ಸ್ವಲ್ಪವಾದರೂ ನಮ್ಮಿಂದ ತಗೊಳ್ಳಿ’ ಅನ್ನುವುದು ಸರಿಯಲ್ಲ. ಅವರನ್ನು ಒಪ್ಪಂದ ಮುರಿಯಲು ಪ್ರೇರೇಪಿಸಿದಂತಾಗುತ್ತದೆ, ಕಾನೂನಿನ ತೊಡಕೂ ಬರಬಹುದು.

ಒಪ್ಪಂದ ಇದ್ದಾಗ ಕೇಳಬೇಕಾದ್ದು ದಿನಾಂಕ. ಅದರಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಒಪ್ಪಂದ ಯಾವಾಗ ಮುಗಿಯುತ್ತದೆ ಅಂತ ಕೇಳಿ, ಆ ತಿಂಗಳಿಗೆ ಜ್ಞಾಪನೆ ಇಟ್ಟುಕೊಳ್ಳುತ್ತಾರೆ. ಆಗ ತಡವಾಗಿರುತ್ತದೆ. ಎಷ್ಟೋ ಒಪ್ಪಂದಗಳು ಮೊದಲೇ ಬೇಡ ಅಂತ ತಿಳಿಸದಿದ್ದರೆ ತಾವಾಗಿಯೇ ಮುಂದುವರಿಯುತ್ತವೆ. ಹೀಗೆ ಅಂದುಕೊಳ್ಳಿ, ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ, 90 ದಿನ ಮೊದಲು ತಿಳಿಸಬೇಕು. ಅಂದರೆ ತೀರ್ಮಾನ ಡಿಸೆಂಬರ್ ಕೊನೆಯೊಳಗೆ ಆಗಿರಬೇಕು. ಸ್ಯಾಂಪಲ್, ಪರೀಕ್ಷೆ, ಕಾಗದ ಅಂತ 6 ರಿಂದ 8 ವಾರ ಬೇಕು. ಹಾಗಾದರೆ ನಾವು ಮಾತಾಡಬೇಕಾದ್ದು ಅಕ್ಟೋಬರ್‌ನಲ್ಲಿ. ಮಾರ್ಚ್‌ನಲ್ಲಿ ಫೋನ್ ಮಾಡಿದರೆ ‘ಅಯ್ಯೋ, ಮತ್ತೆ ಒಂದು ವರ್ಷಕ್ಕೆ ಆಯಿತಲ್ಲ’ ಅನ್ನುತ್ತಾರೆ. ಆದ್ದರಿಂದ ಕೇಳುವುದು ಹೀಗಿರಲಿ: “ಮುಂದಿನ ಸಲ ವೆಂಡರ್‌ಗಳನ್ನು ನೋಡುವ ಕೆಲಸ ಯಾವ ತಿಂಗಳಲ್ಲಿ ಶುರು ಮಾಡುತ್ತೀರಿ? ಆಗ ಬರೆಯುತ್ತೇನೆ, ನಡುವೆ ತೊಂದರೆ ಕೊಡುವುದಿಲ್ಲ.” ಇದಕ್ಕೆ ಹೆಚ್ಚಿನವರು ಉತ್ತರ ಕೊಡುತ್ತಾರೆ.

ಬಲೆಗೆ ಬೀಳುವ ಜಾಗ

ಕೆಲವರು ‘ನಮಗೆ ಇದ್ದಾರೆ, ಖುಷಿಯಾಗಿದ್ದೇವೆ’ ಅಂದ ಮರುವಾಕ್ಯದಲ್ಲೇ ‘ಆದರೂ ನಿಮ್ಮ ಕೊಟೇಶನ್ ಕಳಿಸಿ’ ಅನ್ನುತ್ತಾರೆ. ಮಾರುವವರ ಮುಖ ಅರಳುತ್ತದೆ. ಸ್ವಲ್ಪ ನಿಲ್ಲಿ. ಆ ಕೊಟೇಶನ್ ಈಗಿನ ವೆಂಡರ್ ಮುಂದೆ ಇಟ್ಟು ರೇಟ್ ಇಳಿಸಿಕೊಳ್ಳಲು ಇರಬಹುದು. ಇದು ಮೋಸವೇನಲ್ಲ, ಪರ್ಚೇಸ್‌ನವರ ಕೆಲಸವೇ ಅದು. ಆದರೆ ನಮ್ಮ ರೇಟ್ ಹೊರಗೆ ಹೋಗುತ್ತದೆ, ಆರ್ಡರ್ ಬರುವುದಿಲ್ಲ.

ಗುರುತಿಸುವುದು ಕಷ್ಟವಲ್ಲ. ನಿಜವಾಗಿ ಕೊಳ್ಳುವ ಯೋಚನೆ ಇರುವವರು ಅಳತೆ, ತೂಕ, ಎಷ್ಟು ಪದರದ ರಟ್ಟು ಅಂತ ಮಾತಾಡುತ್ತಾರೆ. ಸ್ಯಾಂಪಲ್ ಕೇಳುತ್ತಾರೆ. ನಾವು ಕೇಳಿದ್ದಕ್ಕೂ ಉತ್ತರ ಕೊಡುತ್ತಾರೆ. ರೇಟ್ ಮಾತ್ರ ಬೇಕಾದವರು ‘ನಾಳೆಯೊಳಗೆ ಕಳಿಸಿ’ ಅನ್ನುತ್ತಾರೆ, ಉಳಿದ ಯಾವ ಪ್ರಶ್ನೆಗೂ ಉತ್ತರ ಇರುವುದಿಲ್ಲ. ಅಂಥವರಿಗೆ ನಾನು ಇಷ್ಟು ಬರೆಯುತ್ತೇನೆ: “ಖಂಡಿತ ಕಳಿಸುತ್ತೇನೆ ಸರ್. ಬಾಕ್ಸ್‌ನಲ್ಲಿ ಏನು ತುಂಬುತ್ತೀರಿ, ಒಂದರ ಮೇಲೊಂದು ಎಷ್ಟು ಸಾಲು ಇಡುತ್ತೀರಿ ಅಂತ ತಿಳಿಯದೆ ರೇಟ್ ಹೇಳಿದರೆ ತಪ್ಪಾಗುತ್ತದೆ. ಈಗಿನ ಒಂದು ಖಾಲಿ ಬಾಕ್ಸ್ ಕಳಿಸಿಕೊಟ್ಟರೆ ನೋಡಿ ಹೇಳುತ್ತೇನೆ.” ಒಂದು ಖಾಲಿ ಬಾಕ್ಸ್ ಕಳಿಸುವಷ್ಟು ಮನಸ್ಸಿಲ್ಲದವರು ವೆಂಡರ್ ಬದಲಾಯಿಸುವ ತ್ರಾಸು ತೆಗೆದುಕೊಳ್ಳುವುದಿಲ್ಲ ಅಲ್ವಾ?

ನಾವೇ ಮೊದಲು ರೇಟ್ ಇಳಿಸಿ ಬರೆಯುವುದು ಇದಕ್ಕಿಂತ ಕೆಟ್ಟದ್ದು. ಅವರು ರೇಟ್ ಬಗ್ಗೆ ಮಾತೇ ಎತ್ತಿಲ್ಲ. ಕೇಳದೆ ಇಳಿಸಿದರೆ ಮೊದಲು ಹೇಳಿದ ರೇಟ್ ಸುಳ್ಳು ಅಂತಾಗುತ್ತದೆ. ರೇಟ್‌ಗಾಗಿ ಬಂದವರು ಮುಂದೆ ಇನ್ನೊಬ್ಬರು ಇಳಿಸಿದಾಗ ರೇಟ್‌ಗಾಗಿಯೇ ಹೋಗುತ್ತಾರೆ.

ಫೋನಿನಲ್ಲಿ ಇದೇ ಮಾತು ಬಂದರೆ ದಾರಿ ಬೇರೆಯೇನಲ್ಲ, ಮಾತು ಇನ್ನೂ ಚಿಕ್ಕದಾಗಬೇಕು. “ಸರಿ ಸರ್, ಇರುತ್ತಾರೆ ಅಂತ ಗೊತ್ತಿತ್ತು. ಬಾಕ್ಸ್ ಇಲ್ಲದೆ ನಿಮ್ಮ ಸರಕು ಹೋಗುವುದಿಲ್ಲವಲ್ಲ. ಒಂದೇ ಮಾತು ಕೇಳಿ ಇಟ್ಟುಬಿಡುತ್ತೇನೆ” ಅಂತ ಹೇಳಿ ಆ ‘ಎಷ್ಟು ದಿನ’ ಎಂಬ ಪ್ರಶ್ನೆ ಕೇಳಬೇಕು. ಕೇಳಿದ ಮೇಲೆ ಸುಮ್ಮನಿರಬೇಕು. ಆ ಮೌನದಲ್ಲಿ ನಾವೇ ಬಾಯಿ ಹಾಕಿದರೆ ಉತ್ತರ ಹೋಯಿತು.

ಏನೂ ಉತ್ತರ ಬರದಿದ್ದರೆ? ಮತ್ತೆ ಬರೆಯುವುದಿಲ್ಲ ಅಂತ ಮಾತು ಕೊಟ್ಟಿರುವುದು ಅವರು ‘ಬೇಕಿಲ್ಲ’ ಅಂತ ತಿಳಿಸಿದರೆ. ಮೌನಕ್ಕೆ ಎರಡು ವಾರ ಬಿಟ್ಟು ಒಂದೇ ಒಂದು ಸಲ, ಎರಡು ಸಾಲಿನಲ್ಲಿ ನೆನಪಿಸಬಹುದು. ಅದಕ್ಕೂ ಮೌನವಾದರೆ ಅಥವಾ ಎರಡನೆಯ ಸಲ ಬೇಡ ಅಂದರೆ ನಿಲ್ಲಿಸಬೇಕು. ಆ ಕಂಪನಿಯಲ್ಲಿ ಇನ್ನೊಬ್ಬರನ್ನು ಹುಡುಕಿ ಹಿಂಬಾಗಿಲಿನಿಂದ ಬರೆಯುವುದು ಬೇಡ. ಆ ಮೇಲ್ ಕೊನೆಗೆ ಬಂದು ಸೇರುವುದು ಬೇಡ ಅಂದವರ ಟೇಬಲ್‌ಗೇ.

ಬಾಟಲಿ ಕಂಪನಿಯ ಮೇಡಂ ಸ್ಯಾಂಪಲ್‌ಗೆ ಒಪ್ಪಿಗೆ ಕೊಟ್ಟರು, ನಮ್ಮ ಹೆಸರು ಪಟ್ಟಿಗೆ ಸೇರಿತು. ಆಮೇಲೆ 5 ತಿಂಗಳು ಒಂದು ಫೋನ್ ಕೂಡ ಬರಲಿಲ್ಲ. ಆರನೆಯ ತಿಂಗಳು ಒಂದು ಬೆಳಿಗ್ಗೆ ಕರೆ ಬಂತು. ಒಂದು ಮಾಪಿನ ಬಾಕ್ಸ್, 3 ದಿನದಲ್ಲಿ ಬೇಕು, ಆಗುತ್ತದೆಯೇ ಅಂತ. ಕಾಗದ ಎಲ್ಲ ತಯಾರಿತ್ತು, ಸ್ಟೀರಿಯೋ ನಮ್ಮ ಹತ್ತಿರವೇ ಇತ್ತು, ಮೂರನೆಯ ದಿನ ಲೋಡ್ ಇಳಿಯಿತು. ಉಳಿದ ಎಲ್ಲ ಮಾಪುಗಳನ್ನು ಈಗಲೂ ಅವರ ಹಳೆಯ ವೆಂಡರ್ ಕೊಡುತ್ತಾರೆ. ಆ ಒಂದು ಮಾಪು ನಮ್ಮದು.